ಕಿತಾಪ್ ಹೊಂದುವುದಿಲ್ಲ, ಅದರ ಬಾಲ ಹೊಂದುತ್ತದೆ

ತುರ್ಕಿ ದೇಶದ ಒಬ್ಬ ಹುಡುಗ ನಮ್ಮ ಕಡೆಯ ನಕಾಶೆ ಮುಂದಿಟ್ಟುಕೊಂಡು ಕೂತಿದ್ದಾನೆ ಅಂದುಕೊಳ್ಳಿ. ಹಂಪಿ, ಬೀದರ್, ಉಡುಪಿ ಎಂಬ ಹೆಸರುಗಳನ್ನು ಅವನು ಹಿಂದೆಂದೂ ಕೇಳಿಲ್ಲ. "ಹಂಪಿಯಲ್ಲಿ" ಎನ್ನಬೇಕಾದಾಗ ಅವನು ಹಂಪಿ-ದೆ ಎನ್ನುತ್ತಾನೆ. "ಬೀದರಿನಲ್ಲಿ" ಎನ್ನಬೇಕಾದಾಗ ಬೀದಾರ್-ದಾ ಎನ್ನುತ್ತಾನೆ. ಉಡುಪಿಗೆ ಮತ್ತೆ ದೆ. ಯಾರೂ ಹೇಳಿಕೊಟ್ಟಿದ್ದಲ್ಲ, ಅವನು ಯೋಚಿಸಿದ್ದೂ ಅಲ್ಲ. ಕೊನೆಯ ಸ್ವರ ಇ ಆದರೆ ದೆ, ಆ ಆದರೆ ದಾ. ನಾಲಿಗೆ ತಾನಾಗಿ ಆರಿಸಿಕೊಳ್ಳುತ್ತದೆ.

ಇದಕ್ಕೆ ಸ್ವರ ಹೊಂದಾಣಿಕೆ ಎನ್ನುತ್ತಾರೆ. ತುರ್ಕಿ ಭಾಷೆ ಕನ್ನಡದ ಹಾಗೆಯೇ ಒಂದರ ಹಿಂದೆ ಒಂದು ಪ್ರತ್ಯಯ ಅಂಟಿಸುತ್ತ ಹೋಗುವ ಭಾಷೆ. ನಾವು ಮನೆ-ಗಳ-ಲ್ಲಿ ಎಂದರೆ ಅವರು ಎವ್-ಲೆರ್-ದೆ ಎನ್ನುತ್ತಾರೆ. ಮೊದಲು ಹೆಸರು, ಆಮೇಲೆ ಬಹುವಚನ, ಆಮೇಲೆ ವಿಭಕ್ತಿ. ಕ್ರಮ ಕೂಡ ನಮ್ಮದೇ. ವ್ಯತ್ಯಾಸ ಇರುವುದು ಒಂದು ಕಡೆ. ನಮ್ಮ "ಗಳು" ಮನೆಗೆ ಬಂದರೂ ಊರಿಗೆ ಬಂದರೂ "ಗಳು" ಆಗಿಯೇ ಇರುತ್ತದೆ. ಅವರ ಬಹುವಚನ ಪ್ರತ್ಯಯ ಮುಂದಿರುವ ಪದದ ಮುಖ ನೋಡಿ ಲೆರ್ ಅಥವಾ ಲಾರ್ ಆಗುತ್ತದೆ.

ತುರ್ಕಿಯಲ್ಲಿ ಎಂಟು ಸ್ವರಗಳು, ನಾಲ್ಕು ಜೋಡಿ. ಪ್ರತಿ ಜೋಡಿಯಲ್ಲೂ ಒಂದು ನಾಲಿಗೆಯನ್ನು ಮುಂದೆ ತಂದು ನುಡಿಯುವಂಥದ್ದು, ಇನ್ನೊಂದು ಹಿಂದೆ ಎಳೆದು ನುಡಿಯುವಂಥದ್ದು. ಎ ಮುಂದಿನದು, ಆ ಅದರ ಹಿಂದಿನ ಜೋಡಿ. ಉಳಿದ ಮೂರು ಜೋಡಿಗಳಲ್ಲಿ ಒಂದೊಂದು ಸ್ವರಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ, ಹಾಗಾಗಿ ಈ ಬರಹಕ್ಕೆ ಸೀಮಿತವಾಗಿ ಒಂದು ಮೇಲುಗೀಟು ಬಳಸುತ್ತೇನೆ. ಗೀಟು ಇದ್ದರೆ "ತುಟಿ ಹಾಗೇ ಇರಲಿ, ನಾಲಿಗೆ ಮಾತ್ರ ಆ ಕಡೆಯ ತುದಿಗೆ ಹೋಗಲಿ" ಎಂದರ್ಥ. ಒ ಹಿಂದಿನ ಸ್ವರ. ತುಟಿ ದುಂಡಗೇ ಇಟ್ಟುಕೊಂಡು ನಾಲಿಗೆಯನ್ನು ಎ ಎನ್ನುವ ಜಾಗಕ್ಕೆ ತಂದರೆ ಒ'. ಉ ಹಿಂದಿನದು, ಉ' ಮುಂದಿನದು. ಇ ಮಾತ್ರ ತಿರುವುಮುರುವು: ಅದು ಮುಂದಿನ ಸ್ವರ, ಇ' ಹಿಂದಿನದು. ಈ ಇ' ಕರಾವಳಿಯವರಿಗೆ ಅಪರಿಚಿತವಲ್ಲ. ತುಳುವಿನ ಕಣ್ಣ್ ಎಂಬ ಪದದ ಕೊನೆಯಲ್ಲಿ ತುಟಿ ದುಂಡಾಗದ ಒಂದು ಉ ಕೇಳಿಸುತ್ತದಲ್ಲ, ಹೆಚ್ಚುಕಡಿಮೆ ಅದೇ.

ಎವ್ (ಮನೆ) ಎವ್-ಲೆರ್ ಆಗುತ್ತದೆ, ಗೊ'ಲ್ (ಕೆರೆ) ಗೊ'ಲ್-ಲೆರ್. ಆತ್ (ಕುದುರೆ) ಆತ್-ಲಾರ್, ಕಿ'ಜ್ (ಹುಡುಗಿ) ಕಿ'ಜ್-ಲಾರ್. ಮುಂದಿನ ಸ್ವರದ ಹಿಂದೆ ಲೆರ್, ಹಿಂದಿನ ಸ್ವರದ ಹಿಂದೆ ಲಾರ್. ಇಷ್ಟೇ ಆಗಿದ್ದರೆ ಇದನ್ನು ಒಂದೇ ಸಾಲಿನ ಸೂತ್ರದಲ್ಲಿ ಹೇಳಿ ಮುಗಿಸಬಹುದಿತ್ತು.

ಆದರೆ ಕಿತಾಪ್ ಇದೆ. ಅರಬಿಯಿಂದ ಬಂದ ಪದ, ನಮಗೂ ಗೊತ್ತಿರುವ ಕಿತಾಬು. ಇ ಮುಂದಿನ ಸ್ವರ, ಆ ಹಿಂದಿನದು. ಎರಡೂ ಒಂದೇ ಪದದೊಳಗೆ ಜಗಳವಿಲ್ಲದೆ ಕೂತಿವೆ. ಎರವಲು ಪದ ತಾನೇ ಎಂದು ಬಿಡುವ ಹಾಗೂ ಇಲ್ಲ. ಆನ್ನೆ (ತಾಯಿ), ಎಲ್ಮಾ (ಸೇಬು), ಕಾರ್ದೆಶ್ (ಒಡಹುಟ್ಟಿದವರು) ಎಲ್ಲವೂ ಮನೆಮಾತಿನ ಪದಗಳೇ, ಒಂದೂ ಹೊಂದುವುದಿಲ್ಲ. ಪ್ರತ್ಯಯಗಳಲ್ಲೂ ಹಟಮಾರಿಗಳಿವೆ. "ಆಗುತ್ತಿರುವಾಗ" ಎಂಬ ಅರ್ಥ ಕೊಡುವ ಕೆನ್ ಯಾವ ಪದದ ಹಿಂದೆ ಬಂದರೂ ಕೆನ್. ನಡೆಯುತ್ತಿರುವ ಕೆಲಸವನ್ನು ಹೇಳುವ ಯೊರ್ ಯಾರ ಮುಂದೆಯೂ ಬಾಗುವುದಿಲ್ಲ.

ಇಂಥವುಗಳಿಗೆ ಹಳೆಯ ಪರಿಹಾರ ಸರಳವಾಗಿತ್ತು. ಸೂತ್ರ ಬರೆಯುವುದು, ಕೆಳಗೆ ಅಪವಾದಗಳ ಪಟ್ಟಿ ಕೊಡುವುದು. 1968ರಲ್ಲಿ ಚಾಮ್‌ಸ್ಕಿ ಮತ್ತು ಹಾಲೆ ಇಂಗ್ಲಿಷ್ ಧ್ವನಿವ್ಯವಸ್ಥೆಯ ಬಗ್ಗೆ ದೊಡ್ಡ ಪುಸ್ತಕ ಬರೆದ ಮೇಲೆ ಸೂತ್ರಗಳ ಭಾಷೆ ಗಣಿತದಷ್ಟು ಬಿಗಿಯಾಯಿತು. ಆದರೂ ಅಪವಾದಕ್ಕೆ ಇದ್ದ ಉಪಾಯ ಪದದ ಬೆನ್ನಿಗೆ "ಈ ಸೂತ್ರ ಇದಕ್ಕೆ ಅನ್ವಯಿಸದು" ಎಂಬ ಚೀಟಿ ಅಂಟಿಸುವುದೇ. ಚೀಟಿಯಿಂದ ಉತ್ತರ ಸರಿ ಬರುತ್ತದೆ, ಕಾರಣ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದು ಒಂದು ವಿಚಿತ್ರವನ್ನು ಮುಚ್ಚಿಹಾಕುತ್ತದೆ. ಕಿತಾಪ್ ನಿಯಮಕ್ಕೆ ಸೊಪ್ಪು ಹಾಕದ ಪದ. ಹಾಗಿದ್ದ ಮೇಲೆ ಅದರ ಬಹುವಚನ ಲೆರ್ ಆದರೇನು, ಲಾರ್ ಆದರೇನು? ಆದರೆ ಕಿತಾಪ್-ಲೆರ್ ಎಂದು ತುರ್ಕಿಯ ಮಗುವೂ ಹೇಳುವುದಿಲ್ಲ. ಕಿತಾಪ್-ಲಾರ್ ಒಂದೇ. ಪದದ ಹೊಟ್ಟೆಯೊಳಗೆ ಮುರಿದ ನಿಯಮ ಪದದ ಬಾಲದಲ್ಲಿ ಪೂರ್ತಿ ಚಾಲ್ತಿಯಲ್ಲಿದೆ.

ನಿಯಮ ಒಂದೇ ಪದದಲ್ಲಿ ಸತ್ತೂ ಇದೆ, ಬದುಕಿಯೂ ಇದೆ ಎಂದು ಹೇಳುವುದು ಹೇಗೆ?

ಆಲನ್ ಪ್ರಿನ್ಸ್ ಮತ್ತು ಪಾಲ್ ಸ್ಮೊಲೆನ್ಸ್ಕಿ 1993ರಲ್ಲಿ ಹಸ್ತಪ್ರತಿಯಾಗಿ ಹಂಚಿದ, 2004ರಲ್ಲಿ ಪುಸ್ತಕವಾಗಿ ಬಂದ ಆಪ್ಟಿಮಾಲಿಟಿ ಥಿಯರಿಯ ದಾರಿ ಬೇರೆ. ಅದರಲ್ಲಿ "ಇದನ್ನು ಅದಾಗಿ ಬದಲಿಸು" ಎನ್ನುವ ಸೂತ್ರಗಳೇ ಇಲ್ಲ. ಇರುವುದೆಲ್ಲ ನಿರ್ಬಂಧಗಳು. ಎಲ್ಲ ನಿರ್ಬಂಧಗಳನ್ನೂ ಮುರಿಯಬಹುದು, ಆದರೆ ಅವುಗಳ ನಡುವೆ ಮೇಲು ಕೀಳು ಇದೆ. ಒಂದು ಪದವನ್ನು ನುಡಿಯಬಹುದಾದ ಎಲ್ಲ ರೂಪಗಳೂ ಸ್ಪರ್ಧೆಗೆ ನಿಲ್ಲುತ್ತವೆ, ಮೇಲಿನ ನಿರ್ಬಂಧವನ್ನು ಕಡಿಮೆ ಮುರಿದದ್ದು ಗೆಲ್ಲುತ್ತದೆ.

ಕನ್ನಡ ಸಂಧಿ ಕಲಿತವರಿಗೆ ಇದು ಪರಿಚಿತ ನೆಲ. ಮನೆ ಮತ್ತು ಅಲ್ಲಿ ಸೇರಿದಾಗ ನಡುವೆ ಯಕಾರ ಬರುತ್ತದೆ, ಮನೆಯಲ್ಲಿ, ಅದು ಆಗಮ. ಊರು ಮತ್ತು ಅಲ್ಲಿ ಸೇರಿದಾಗ ಉಕಾರ ಬಿದ್ದುಹೋಗುತ್ತದೆ, ಊರಲ್ಲಿ, ಅದು ಲೋಪ. ಶಾಲೆಯಲ್ಲಿ ಇವನ್ನು ಎರಡು ಬೇರೆ ಸಂಧಿಗಳಾಗಿ ಬಾಯಿಪಾಠ ಮಾಡಿದೆವು. ಎರಡರ ಹಿಂದೆಯೂ ಇರುವುದು ಒಂದೇ ಅಸಹನೆ: ಎರಡು ಸ್ವರ ಮೈಗೆ ಮೈ ತಾಗಿಸಿ ನಿಲ್ಲಬಾರದು. ಈ ನಿರ್ಬಂಧ ಎಲ್ಲಕ್ಕಿಂತ ಮೇಲೆ ಕೂತಿದೆ. ಇಲ್ಲದ್ದನ್ನು ಸೇರಿಸಬೇಡ, ಇದ್ದದ್ದನ್ನು ಬೀಳಿಸಬೇಡ ಎಂಬ ಇನ್ನೆರಡು ಕೆಳಗಿವೆ, ಹಾಗಾಗಿ ಅವುಗಳಲ್ಲಿ ಒಂದು ಬಲಿಯಾಗಲೇಬೇಕು. ಮನೆಯಲ್ಲಿ ಎಕಾರ ಬಿದ್ದರೆ ಪದದ ಗುರುತೇ ಹೋಗುತ್ತದೆ, ಅದಕ್ಕೆ ಯಕಾರ ಸೇರಿಸುತ್ತೇವೆ. ಊರಿನ ಉಕಾರ ಬಿದ್ದರೆ ಯಾರಿಗೂ ನಷ್ಟವಿಲ್ಲ.

ಇಲ್ಲಿ ಒಂದು ಚಿಕ್ಕ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಗುರು ಎಂಬ ಪದದ ಕೊನೆಯಲ್ಲೂ ಉಕಾರವೇ ಇದೆ. ಆದರೆ ಗುರುವನ್ನು ಎನ್ನುತ್ತೇವೆ, ಗುರನ್ನು ಎನ್ನುವುದಿಲ್ಲ. ಕಿವಿಗೆ ಎರಡೂ ಉಕಾರ ಒಂದೇ. ಮನಸ್ಸಿನ ಕಣಜದಲ್ಲಿ ಒಂದೇ ಅಲ್ಲ.

ಶ್ರೇಣಿ ಅಂದರೆ ಏನು ಎನ್ನುವುದನ್ನು ಕ್ರಿಕೆಟ್ ನೋಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಐಪಿಎಲ್ ಲೀಗ್ ಹಂತ ಮುಗಿದಾಗ ಬೆಂಗಳೂರು ತಂಡಕ್ಕೆ 14 ಅಂಕ, ಚೆನ್ನೈಗೂ 14 ಅಂಕ. ಆಗಷ್ಟೇ ನೆಟ್ ರನ್ ರೇಟ್ ನೋಡಿದರು, ಕೂದಲೆಳೆಯಲ್ಲಿ ಬೆಂಗಳೂರು ಒಳಗೆ ಬಂತು. ಅಂಕ ಸಮ ಇರದಿದ್ದರೆ ರನ್ ರೇಟ್ ಎಷ್ಟು ಮೇಲಿದ್ದರೂ ಲೆಕ್ಕಕ್ಕಿಲ್ಲ. ಎರಡು ಅಂಕ ಕಡಿಮೆ ಇರುವ ತಂಡ ರನ್ ರೇಟ್ ತೋರಿಸಿ ಜಾಗ ಕೇಳುವ ಹಾಗಿಲ್ಲ. ನಿರ್ಬಂಧಗಳ ಶ್ರೇಣಿಯೂ ಹೀಗೇ. ಕೆಳಗಿನದನ್ನು ಎಷ್ಟು ಸಲ ಪಾಲಿಸಿದರೂ ಮೇಲಿನದರ ಒಂದು ಉಲ್ಲಂಘನೆಗೆ ಅದು ಪರಿಹಾರವಲ್ಲ. ಆದರೆ ಮೇಲಿನದು ಸಮಸಮ ಆದ ಕೂಡಲೇ ಕೆಳಗಿನದರ ಮಾತೇ ಅಂತಿಮ.

ಸೂತ್ರಗಳು ತಾಕಲಾಡಿದಾಗ ಯಾವುದು ಗೆಲ್ಲಬೇಕು ಎಂಬ ಪ್ರಶ್ನೆ ಹೊಸದೇನಲ್ಲ. ಎರಡು ಸಮಬಲದ ಸೂತ್ರಗಳು ಎದುರಾದರೆ ಕ್ರಮದಲ್ಲಿ ಹಿಂದಿನಿಂದ ಬಂದದ್ದು ಗೆಲ್ಲುತ್ತದೆ ಎಂದು ಪಾಣಿನಿ ಅಷ್ಟಾಧ್ಯಾಯಿಯ ಒಳಗೇ ಒಂದು ಸೂತ್ರ ಇಟ್ಟಿದ್ದಾನೆ. ಪ್ರಿನ್ಸ್ ಮತ್ತು ಸ್ಮೊಲೆನ್ಸ್ಕಿ ತಮ್ಮ ಗ್ರಂಥದ ಒಂದು ಪ್ರಮೇಯಕ್ಕೆ ಅವನದೇ ಹೆಸರಿಟ್ಟಿದ್ದಾರೆ.

ಈಗ ತುರ್ಕಿಗೆ ಮೂರು ನಿರ್ಬಂಧ ಇಡೋಣ. ಎಲ್ಲಕ್ಕಿಂತ ಮೇಲೆ: ಮೂಲಪದದ ಸ್ವರ ಮುಟ್ಟಬೇಡ. ನಡುವೆ: ಅಕ್ಕಪಕ್ಕದ ಅಕ್ಷರಗಳ ಸ್ವರಗಳು ಹೊಂದಲಿ. ಕೆಳಗೆ: ಪ್ರತ್ಯಯದ ಸ್ವರ ಮುಟ್ಟಬೇಡ. ಮೊದಲು ಮನೆಯ ಬಹುವಚನ ನೋಡೋಣ. ಪ್ರತ್ಯಯ ಲಾರ್ ಎಂದೇ ಹೊರಟಿತು ಎಂದುಕೊಳ್ಳಿ. ಎವ್-ಲಾರ್ ಎಂದು ಹಾಗೇ ಬಿಟ್ಟರೆ ನಡುವಿನ ನಿರ್ಬಂಧ ಮುರಿಯುತ್ತದೆ. ಮೂಲಪದವನ್ನು ಬಗ್ಗಿಸಿ ಆವ್-ಲಾರ್ ಎಂದರೆ ಹೊಂದಾಣಿಕೆ ಸರಿಹೋಯಿತು, ಆದರೆ ಮೇಲಿನದು ಮುರಿಯಿತು. ಅಷ್ಟೇ ಅಲ್ಲ, ಆವ್ ಅಂದರೆ ತುರ್ಕಿಯಲ್ಲಿ ಬೇಟೆ. ಮನೆಗಳು ಎನ್ನಲು ಹೋಗಿ ಬೇಟೆಗಳು ಎಂದ ಹಾಗಾಯಿತು. ಎವ್-ಲೆರ್ ಮುರಿಯುವುದು ಕೆಳಗಿನದನ್ನು ಮಾತ್ರ. ಅದೇ ಗೆದ್ದಿತು.

ಇದೇ ಮೂರನ್ನು ಒಂದಿಷ್ಟೂ ತಿದ್ದದೆ ಕಿತಾಪ್ ಮುಂದೆ ಇಡಿ. ಕಿತೆಪ್-ಲೆರ್ ಎಂದರೆ ಇ, ಎ, ಎ ಎಲ್ಲವೂ ಮುಂದಿನ ಸ್ವರಗಳು, ಹೊಂದಾಣಿಕೆ ನೂರಕ್ಕೆ ನೂರು. ಕಿ'ತಾಪ್-ಲಾರ್ ಎಂದರೂ ಅಷ್ಟೇ, ಎಲ್ಲವೂ ಹಿಂದಿನವು. ಆದರೆ ಎರಡೂ ಮೂಲಪದವನ್ನು ಮುಟ್ಟಿವೆ. ಮೊದಲ ಸುತ್ತಿನಲ್ಲೇ ಹೊರಗೆ. ಉಳಿದವು ಮೂಲಪದವನ್ನು ಮುಟ್ಟದ ಎರಡು. ಕಿತಾಪ್-ಲೆರ್ ಹೊಂದಾಣಿಕೆಯನ್ನು ಎರಡು ಕಡೆ ಮುರಿದಿದೆ: ಕಿ ಮತ್ತು ತಾ ನಡುವೆ ಒಮ್ಮೆ, ತಾ ಮತ್ತು ಲೆ ನಡುವೆ ಇನ್ನೊಮ್ಮೆ. ಕಿತಾಪ್-ಲಾರ್ ಮುರಿದಿರುವುದು ಒಂದೇ ಕಡೆ. ಎರಡಕ್ಕಿಂತ ಒಂದು ಮೇಲು, ಕಿತಾಪ್-ಲಾರ್ ಗೆದ್ದಿತು.

ಚೀಟಿ ಅಂಟಿಸಬೇಕಾಗಿ ಬರಲಿಲ್ಲ ಎನ್ನುವುದನ್ನು ಗಮನಿಸಿ. ಹೊಂದಾಣಿಕೆಯ ನಿರ್ಬಂಧ ಕಿತಾಪ್‌ನಲ್ಲಿ ಸತ್ತಿರಲಿಲ್ಲ, ಮೇಲಿನವರ ಮಾತಿಗೆ ಬಾಯಿ ಮುಚ್ಚಿಕೊಂಡಿತ್ತು. ಮೇಲಿನವರು ಸುಮ್ಮನಾದ ಜಾಗದಲ್ಲಿ, ಅಂದರೆ ಪ್ರತ್ಯಯ ಶುರುವಾಗುವಲ್ಲಿ, ಅದು ಮಾತಾಡಿತು. ಜಾರ್ಜ್ ಕ್ಲೆಮೆಂಟ್ಸ್ ಮತ್ತು ಎಂಗಿನ್ ಸೆಜೆರ್ 1982ರಲ್ಲೇ ಒಂದು ವಾದ ಮಂಡಿಸಿದ್ದರು: ತುರ್ಕಿಯ ಮೂಲಪದಗಳ ಒಳಗೆ ಹೊಂದಾಣಿಕೆ ಈಗ ಜೀವಂತ ನಿಯಮವಲ್ಲ, ಪ್ರತ್ಯಯಗಳಲ್ಲಿ ಮಾತ್ರ ಜೀವಂತ. ಆಗ ಅದು ವಿವರಣೆಯಾಗಿತ್ತು. ಶ್ರೇಣಿ ಬಂದ ಮೇಲೆ ಅದು ಲೆಕ್ಕದ ಫಲಿತಾಂಶವಾಯಿತು.

ಆದರೆ ಹಟಮಾರಿ ಪ್ರತ್ಯಯಗಳನ್ನು ಏನು ಮಾಡುವುದು? ಪ್ರತ್ಯಯದ ಸ್ವರ ಎಲ್ಲಕ್ಕಿಂತ ಕೆಳಗಿನ ಗಿರಾಕಿ ಎಂದೆವು. ಕೆನ್ ಯಾಕೆ ಕಾನ್ ಆಗುವುದಿಲ್ಲ? ಇಲ್ಲಿ ಪಂಡಿತರಲ್ಲಿ ಎರಡು ಪಕ್ಷ. ಕೆನ್ ಮತ್ತು ಯೊರ್‌ಗೆ ಎಂದೇ ಮೀಸಲಾದ "ಇವುಗಳ ಸ್ವರ ಮುಟ್ಟಬೇಡ" ಎಂಬ ಪ್ರತ್ಯೇಕ ನಿರ್ಬಂಧವನ್ನು ಮೇಲೆ ಕೂರಿಸಿ ಎನ್ನುತ್ತದೆ ಒಂದು ಪಕ್ಷ. ನನಗೆ ಇದು ಹಳೆಯ ಚೀಟಿಯನ್ನೇ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಹಾಗೆ ಕಾಣುತ್ತದೆ, ಅದನ್ನು ಸಮರ್ಥಿಸುವವರು ಒಪ್ಪಲಾರರು. ಇನ್ನೊಂದು ಪಕ್ಷ ಶರನ್ ಇಂಕೆಲಾಸ್, ಓರ್ಹಾನ್ ಓರ್ಗುನ್ ಮತ್ತು ಶೆರಿಲ್ ಜೋಲ್ ಅವರದು. 1997ರಲ್ಲಿ ಅವರು ತುರ್ಕಿಯ ಅಪವಾದಗಳನ್ನೇ ಇಟ್ಟುಕೊಂಡು ಹೇಳಿದ್ದು: ವ್ಯತ್ಯಾಸ ನಿರ್ಬಂಧದಲ್ಲಿಲ್ಲ, ಪದಗಳು ಮನಸ್ಸಿನಲ್ಲಿ ಕೂತಿರುವ ರೂಪದಲ್ಲಿದೆ.

ಊರು ಮತ್ತು ಗುರು ನೆನಪಿದೆಯಲ್ಲ? ಗುರುವಿನ ಉಕಾರ ಪದದ ಜೊತೆಗೇ ಹುಟ್ಟಿದ್ದು. ಊರು ಹಳಗನ್ನಡದಲ್ಲಿ ಊರ್. ಅದರ ಉಕಾರ ಆಮೇಲೆ ಉಚ್ಚಾರಕ್ಕೆ ಊರುಗೋಲಾಗಿ ಬಂದದ್ದು, ಹಾಗಾಗಿ ಅದನ್ನು ಬಿಟ್ಟರೂ ಯಾರನ್ನೂ ಬಿಟ್ಟ ಹಾಗಲ್ಲ. ತುರ್ಕಿಯ ಬಹುವಚನ ಪ್ರತ್ಯಯವೂ ಹೀಗೆ ಅರ್ಧ ತುಂಬಿದ ಅರ್ಜಿ. ಲ್ ಮತ್ತು ರ್ ನಡುವೆ ಬಾಯಿ ತೆರೆದು ನುಡಿಯುವ ಒಂದು ಸ್ವರ ಇದೆ ಎಂಬಷ್ಟೇ ಬರೆದಿದೆ. ನಾಲಿಗೆ ಮುಂದೋ ಹಿಂದೋ ಎಂಬ ಕಾಲಂ ಖಾಲಿ. ಖಾಲಿ ಜಾಗ ತುಂಬುವಾಗ ಯಾರ ಮೇಲೂ ದ್ರೋಹವಾಗುವುದಿಲ್ಲ, ಅದಕ್ಕೆ ಹೊಂದಾಣಿಕೆ ಅಲ್ಲಿ ನಿರಾತಂಕ. ಕೆನ್ ಮತ್ತು ಯೊರ್ ಎಲ್ಲ ಕಾಲಂ ತುಂಬಿಸಿಕೊಂಡೇ ಬಂದವು. ಈ ದಾರಿಯಲ್ಲಿ ಮೂಲಪದ, ಪ್ರತ್ಯಯ ಎಂಬ ಭೇದವೇ ಬೇಡ. "ಬರೆದಿರುವುದನ್ನು ತಿದ್ದಬೇಡ" ಎಂಬ ಒಂದೇ ನಿರ್ಬಂಧ ಮೇಲೆ, ಹೊಂದಾಣಿಕೆ ಅದರ ಕೆಳಗೆ. ಕಿತಾಪ್ ಎಲ್ಲ ತುಂಬಿಸಿಕೊಂಡ ಪದ, ಕೆನ್ ಎಲ್ಲ ತುಂಬಿಸಿಕೊಂಡ ಪ್ರತ್ಯಯ. ಕಥೆ ಒಂದೇ.

ಯೊರ್ ಹೀಗೆ ಬಿಗುಮಾನದಿಂದ ಇರುವುದಕ್ಕೆ ಚರಿತ್ರೆಯೂ ಇದೆ. ಅದು ಒಂದು ಕಾಲದಲ್ಲಿ "ನಡೆ, ಸಾಗು" ಎಂಬ ಅರ್ಥದ ಸ್ವತಂತ್ರ ಕ್ರಿಯಾಪದವಾಗಿತ್ತು. ನಮ್ಮ "ಮಾಡುತ್ತ ಇದ್ದೇನೆ" ಬಿಗಿಯಾಗಿ "ಮಾಡುತ್ತಿದ್ದೇನೆ" ಆಗಿ, "ಇರು" ಎಂಬ ಕ್ರಿಯಾಪದ ಬಾಲಕ್ಕೆ ಇಳಿಯಿತಲ್ಲ, ಹಾಗೆ. ಬಾಲಕ್ಕೆ ಇಳಿದರೂ ತನ್ನ ಸ್ವರವನ್ನು ಬಿಟ್ಟುಕೊಟ್ಟಿಲ್ಲ.

"ಬರುತ್ತಿದ್ದೇನೆ" ಎನ್ನಲು ತುರ್ಕಿಯವರು ಗೆಲ್-ಇ-ಯೊರ್-ಉಮ್ ಎನ್ನುತ್ತಾರೆ. ಗೆಲ್ ಅಂದರೆ ಬಾ. ನಡುವಿನ ಇ ಖಾಲಿ ಕಾಲಂ ಇರುವ ಸ್ವರ, ಕೊನೆಯ ಉಮ್ ಕೂಡ ಖಾಲಿಯದೇ; ಅದು ಪರಿಸ್ಥಿತಿ ನೋಡಿ ಇಮ್, ಇ'ಮ್, ಉಮ್, ಉ'ಮ್ ಆಗಬಲ್ಲದು. ಯೊರ್‌ನ ಒಕಾರ ಹಿಂದಿನದು, ದುಂಡು ತುಟಿಯದು, ಮುಟ್ಟುವ ಹಾಗಿಲ್ಲ. ಕೊನೆಯ ಪ್ರತ್ಯಯ ಏನು ಮಾಡಿತು ನೋಡಿ. ಅದು ಪದದ ಮೊದಲ ಸ್ವರವಾದ ಎ ಕಡೆ ತಿರುಗಿ ಇಮ್ ಆಗಲಿಲ್ಲ. ಪಕ್ಕದಲ್ಲೇ ಇದ್ದ ಹಟಮಾರಿಯನ್ನು ನೋಡಿ ಉಮ್ ಆಯಿತು. ನಿಯಮಕ್ಕೆ ಬಗ್ಗದ ಯೊರ್, ತನ್ನ ಹಿಂದೆ ಬಂದವರಿಗೆ ತಾನೇ ನಿಯಮವಾಯಿತು. ಲೆಕ್ಕ ಹಾಕಿದರೆ ಅದೂ ಸಿಗುತ್ತದೆ: ಗೆಲಿಯೊರಿಮ್ ಎರಡು ಕಡೆ ಮುರಿಯುತ್ತದೆ, ಗೆಲಿಯೊರುಮ್ ಒಂದು ಕಡೆ.

ಇಲ್ಲಿಯವರೆಗೆ ಎಲ್ಲ ಚೆನ್ನ. ಆದರೆ ನಡುವಿನ ಇಕಾರದ ಬಗ್ಗೆ ಸ್ವಲ್ಪ ನಿಲ್ಲಿ. ಅದೂ ಖಾಲಿ ಸ್ವರವೇ ಅಂದೆನಲ್ಲ. ಅದು ಎಡಗಡೆಯ ಎ ನೋಡಿ ಯಾಕೆ ಇ ಆಗಬೇಕು, ಬಲಗಡೆಯ ಒ ನೋಡಿ ಉ ಯಾಕೆ ಆಗಬಾರದು? ಗೆಲಿಯೊರುಮ್‌ನಲ್ಲಿ ಇ ಮತ್ತು ಒ ನಡುವೆ ಒಂದು ಮುರಿತ. ಗೆಲುಯೊರುಮ್‌ನಲ್ಲಿ ಎ ಮತ್ತು ಉ ನಡುವೆ ಒಂದು ಮುರಿತ. ಒಂದಕ್ಕೊಂದು ಸಮ, ಟೈ. ನಾವು ಇಟ್ಟ ಮೂರು ನಿರ್ಬಂಧಗಳಿಗೆ ಇದನ್ನು ಬಿಡಿಸುವ ಶಕ್ತಿ ಇಲ್ಲ, ಆದರೆ ತುರ್ಕಿಯವರಲ್ಲಿ ಯಾರೂ ಗೆಲುಯೊರುಮ್ ಎನ್ನುವುದಿಲ್ಲ. ಅಂದರೆ ನಮ್ಮ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ. ಎರಿಕ್ ಬಕೋವಿಚ್ 2000ದ ಹೊತ್ತಿಗೆ ಇಂಥ ಭಾಷೆಗಳಿಗೆ ಸೂಚಿಸಿದ ದಾರಿ ಹೀಗಿದೆ: ಪದ ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ, ಈರುಳ್ಳಿಯ ಸಿಪ್ಪೆಯ ಹಾಗೆ. ಪ್ರತಿ ಹಂತದಲ್ಲೂ ಹೊಸ ಪ್ರತ್ಯಯ ಈಗಾಗಲೇ ಇರುವ ಒಡಲಿಗೆ ಹೊಂದಬೇಕೇ ಹೊರತು ಒಡಲು ಪ್ರತ್ಯಯಕ್ಕಲ್ಲ. ಗೆಲ್-ಇ ಎಂಬಲ್ಲಿಗೆ ಇಕಾರ ನಿಶ್ಚಯವಾಗಿಬಿಟ್ಟಿತು. ಯೊರ್ ಬರುವ ಹೊತ್ತಿಗೆ ಅದು ಒಡಲಿನ ಭಾಗ. ಸಿದ್ಧಾಂತದ ಕೆಲಸ ನಡೆಯುವುದು ಹೆಚ್ಚಾಗಿ ಇಂಥ ಟೈಗಳಲ್ಲಿ. ಎಲ್ಲ ಸರಿಹೊಂದಿದ ಉದಾಹರಣೆಯಿಂದ ಹೊಸದೇನೂ ತಿಳಿಯುವುದಿಲ್ಲ.

ಶ್ರೇಣಿಯನ್ನು ಪರೀಕ್ಷಿಸಲು ಇನ್ನೊಂದು ಒರೆಗಲ್ಲಿದೆ. ನಿರ್ಬಂಧಗಳು ಎಲ್ಲ ಭಾಷೆಗೂ ಸಾಮಾನ್ಯ, ಬದಲಾಗುವುದು ಅವುಗಳ ಕ್ರಮ ಮಾತ್ರ ಎಂದು ಈ ಸಿದ್ಧಾಂತ ಹೇಳುತ್ತದೆ. ಹಾಗಿದ್ದರೆ ತುರ್ಕಿಯ ಎರಡು ನಿರ್ಬಂಧಗಳನ್ನು ಅದಲು ಬದಲು ಮಾಡಿದರೆ ಇನ್ನೊಂದು ನಿಜವಾದ ಭಾಷೆ ಸಿಗಬೇಕು. ಸಿಗುತ್ತದೆ, ಪಕ್ಕದ ನೆಂಟರ ಮನೆಯಲ್ಲೇ.

ಕೆರೆಗೆ ತುರ್ಕಿಯಲ್ಲಿ ಗೊ'ಲ್. ಮಧ್ಯ ಏಷ್ಯಾದ ಕಿರ್ಗಿಜ್ ಭಾಷೆಯಲ್ಲಿ ಅದೇ ಪದ ಕೊ'ಲ್. "ಕೆರೆಗಳು" ಎನ್ನಲು ತುರ್ಕಿಯವರು ಗೊ'ಲ್-ಲೆರ್ ಎಂದರೆ ಕಿರ್ಗಿಜರು ಕೊ'ಲ್-ದೊ'ರ್ ಎನ್ನುತ್ತಾರೆ. ನಾಲಿಗೆಯ ಹೊಂದಾಣಿಕೆ ಇಬ್ಬರಲ್ಲೂ ಸರಿ, ಎ ಮತ್ತು ಒ' ಎರಡೂ ಮುಂದಿನವೇ. ಬೇರೆಯಾಗಿರುವುದು ತುಟಿ. ಅಕ್ಕಪಕ್ಕದ ಸ್ವರಗಳ ತುಟಿಯೂ ಹೊಂದಲಿ ಎನ್ನುವುದು ಒಂದು ನಿರ್ಬಂಧ. ಬಾಯಿ ತೆರೆದು ತುಟಿ ದುಂಡಗೆ ಮಾಡುವ ಒ, ಒ' ಸ್ವರಗಳು ಪದದ ಮೊದಲ ಅಕ್ಷರದಲ್ಲಿ ಬಿಟ್ಟು ಬೇರೆಡೆ ಬೇಡ ಎನ್ನುವುದು ಇನ್ನೊಂದು. ಅಗಲ ಬಾಯಿಗೆ ದುಂಡು ತುಟಿ ಸ್ವಲ್ಪ ಕಷ್ಟದ ಜೋಡಿ, ಅದಕ್ಕೆ ಈ ಜುಗ್ಗತನ. ತುರ್ಕಿ ಈ ಎರಡನೆಯದನ್ನು ಮೇಲಿಟ್ಟಿತು, ಕಿರ್ಗಿಜ್ ಮೊದಲನೆಯದನ್ನು. ಪದ ಉದ್ದವಾದಷ್ಟೂ ಅಂತರ ಹಿಗ್ಗುತ್ತದೆ. "ಕೆರೆಗಳ" ಎನ್ನಲು ತುರ್ಕಿಯಲ್ಲಿ ಗೊ'ಲ್-ಲೆರ್-ಇನ್, ಯಾಕೆಂದರೆ ನಡುವಿನ ಎಕಾರ ದುಂಡುತನದ ತಂತಿ ಕತ್ತರಿಸಿತು. ಕಿರ್ಗಿಜ್‌ನಲ್ಲಿ ಕೊ'ಲ್-ದೊ'ರ್-ದು'ನ್, ಮೊದಲ ತುಟಿಯ ದುಂಡು ಕೊನೆಯವರೆಗೂ ಹರಿಯಿತು. ತುರ್ಕಿಯ ಯೊರ್‌ನಲ್ಲಿ ಒಕಾರ ಪದದ ನಡುವೆ ಉಳಿದದ್ದು ಹೇಗೆ ಎಂದು ಕೇಳುವವರಿಗೆ ಉತ್ತರ ಆಗಲೇ ಸಿಕ್ಕಿದೆ: ಬರೆದಿರುವುದನ್ನು ತಿದ್ದಬೇಡ ಎನ್ನುವುದು ಈ ಎರಡಕ್ಕಿಂತಲೂ ಮೇಲಿದೆ.

ಅಂದ ಹಾಗೆ, ಪುಸ್ತಕಕ್ಕೆ ಕಿರ್ಗಿಜ್‌ನಲ್ಲಿ ಕಿತೆಪ್ ಎನ್ನುತ್ತಾರೆ. ತುರ್ಕಿಯ ಸ್ಪರ್ಧೆಯಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದ ಅದೇ ರೂಪ. ರಷ್ಯನ್‌ನಿಂದ ಈಚೆಗೆ ಬಂದ ಪದಗಳನ್ನು ಅವರೂ ಹಾಗೆ ಪಳಗಿಸುವುದಿಲ್ಲ, ಆದ್ದರಿಂದ ಅಲ್ಲಿ ಹೊಂದಾಣಿಕೆ ಎಲ್ಲಕ್ಕಿಂತ ಮೇಲೆ ಎಂದು ಈಗ ಹೇಳಲಾಗದು. ಕಿತಾಬು ಬಂದ ಕಾಲಕ್ಕೆ ಮೇಲಿತ್ತು ಎಂದರೆ ತಪ್ಪಾಗಲಾರದು.

ತುಟಿಯ ಹೊಂದಾಣಿಕೆ ನೋಡಲು ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಮಂಗಳೂರಿನ ಬಸ್ಸಿನಲ್ಲಿ ಕೂತು ತುಳು ಕೇಳಿ. ಕಣ್ಣ್ ಎನ್ನುವಾಗ ಕೊನೆಯ ಸ್ವರಕ್ಕೆ ತುಟಿ ಹರಡಿಯೇ ಇರುತ್ತದೆ. ಊರು ಎನ್ನುವಾಗ ಊಕಾರದ ದುಂಡು ಕೊನೆಗೂ ಹತ್ತಿ ನಿಜವಾದ ಉಕಾರ ಕೇಳುತ್ತದೆ. ಕನ್ನಡದಲ್ಲಿ ಕಣ್ಣು, ಊರು ಎರಡಕ್ಕೂ ಒಂದೇ ಉಕಾರ. ನಾವು ಬಸ್ಸು, ಕಾರು, ಪೆನ್ನು ಎಂದು ಇಂಗ್ಲಿಷ್ ಪದಗಳಿಗೂ ಅದನ್ನೇ ಅಂಟಿಸಿದೆವು, ಮುಂದಿನ ಸ್ವರ ಯಾವುದೆಂದು ಕೇಳಲೇ ಇಲ್ಲ.

ಇನ್ನು ಸಿದ್ಧಾಂತಕ್ಕೆ ನಿಜವಾಗಿ ತೊಂದರೆ ಕೊಡುವ ಪದಗಳು. ಹಾಯಾಲ್ ಎಂಬುದನ್ನು ತೆಗೆದುಕೊಳ್ಳಿ. ನಮ್ಮ ಸಂಗೀತದ ಖಯಾಲ್‌ನ ಅರಬಿ ಮೂಲವೇ, ತುರ್ಕಿಯಲ್ಲಿ ಕಲ್ಪನೆ, ಕನಸು ಎಂಬ ಅರ್ಥ. ಎರಡೂ ಸ್ವರ ಹಿಂದಿನವು, ಬಹುವಚನ ಲಾರ್ ಆಗಬೇಕು. ಆಗುವುದು ಹಾಯಾಲ್-ಲೆರ್. ಕಾರಣ ಆ ಲಕಾರದಲ್ಲಿದೆ. ತುರ್ಕಿಯಲ್ಲಿ ಎರಡು ಬಗೆಯ ಲ್ ಇದೆ: ಇಂಗ್ಲಿಷಿನ ಬಾಲ್ ಎಂಬುದರ ಕೊನೆಯಲ್ಲಿ ಬರುವಂಥ ಭಾರದ ಲ್ ಒಂದು, ನಮ್ಮ ಲಕಾರದಂಥ ಹಗುರ ಲ್ ಇನ್ನೊಂದು. ಭಾರದ್ದು ಹಿಂದಿನ ಸ್ವರಗಳ ಗೆಳೆಯ, ಹಗುರದ್ದು ಮುಂದಿನವುಗಳದು. ಹಾಯಾಲ್‌ನಲ್ಲಿ ಆಕಾರದ ಪಕ್ಕದಲ್ಲಿದ್ದರೂ ಹಗುರ ಲ್ ಬಂದು ಕೂತಿದೆ. ಪ್ರತ್ಯಯಕ್ಕೆ ಹತ್ತಿರದ ನೆರೆ ಸ್ವರವಲ್ಲ, ಈ ವ್ಯಂಜನ. ಅದು ಇದನ್ನೇ ನೋಡಿ ಹೊಂದಿಕೊಂಡಿತು. ಸೊಲ್ ಎಂದರೆ ಎಡಗಡೆ, ಸೊಲ್ ಎಂದರೆ ಪಾಶ್ಚಾತ್ಯ ಸಂಗೀತದ ಒಂದು ಸ್ವರಸ್ಥಾನ ಕೂಡ. ಎಡಗಡೆಯದು ಸೊಲ್-ಉ ಆಗುತ್ತದೆ, ಸಂಗೀತದ್ದು ಸೊಲ್-ಉ'. ಲಕಾರ ಬೇರೆ, ಅಷ್ಟೇ.

ಇಲ್ಲಿಯವರೆಗೆ ಕಿವಿ ಸಾಕ್ಷಿ ಹೇಳುತ್ತದೆ. ಆದರೆ ಸಾಆತ್ (ಗಂಟೆ, ಗಡಿಯಾರ) ಎಂಬ ಪದವೂ ಸಾಆತ್-ಲೆರ್ ಆಗುತ್ತದೆ, ಮತ್ತು ಅದರ ಕೊನೆಯ ತಕಾರದಲ್ಲಿ ಹಾಗೆ ಕಿವಿಗೆ ಬೀಳುವ ವಿಶೇಷ ಏನೂ ಇಲ್ಲ. ಆ ತಕಾರ ಮನಸ್ಸಿನೊಳಗೆ ಗುಟ್ಟಾಗಿ ಮುಂದಿನ ಗುರುತು ಹೊತ್ತಿದೆ ಎಂದು ಹೇಳಬಹುದು. ಲೆಕ್ಕ ಸರಿಹೋಗುತ್ತದೆ. ಆದರೆ ಆ ಗುರುತು ಅಲ್ಲಿದೆ ಎನ್ನಲು ನಮ್ಮ ಹತ್ತಿರ ಇರುವ ಸಾಕ್ಷಿ ಆ ಲೆರ್ ಮಾತ್ರ. ಲೆರ್ ಯಾಕೆ ಬಂತು ಎಂದು ಕೇಳಿದರೆ ಆ ಗುರುತು ತೋರಿಸುತ್ತೇವೆ. ಒಂದು ಚೀಟಿಯನ್ನು ಪದದ ಬೆನ್ನಿನಿಂದ ಕಿತ್ತು ಹೊಟ್ಟೆಯೊಳಗೆ ಇಟ್ಟೆವೇ ಎಂಬ ಗುಮಾನಿ ಬಂದರೆ ತಪ್ಪಿಲ್ಲ. ಸಮರ್ಥಿಸುವವರ ಉತ್ತರವೂ ತೆಗೆದುಹಾಕುವಂಥದ್ದಲ್ಲ: ಗುರುತು ಒಂದೇ, ಆದರೆ ಲೆರ್ ಮಾತ್ರವಲ್ಲ, ಸಾಆತ್‌ಗೆ ನೇರವಾಗಿ ಅಂಟುವ ಪ್ರತಿ ಹೊಂ­ದುವ ಪ್ರತ್ಯಯವೂ ಮುಂದಿನ ಸ್ವರ ಹೊತ್ತೇ ಬರುತ್ತದೆ. ಪ್ರತ್ಯಯಕ್ಕೊಂದು ಚೀಟಿ ಬೇಕಾಗಿಲ್ಲ.

ಇನ್ನೊಂದು ತೊಡಕು ಹಂಗೇರಿಯನ್ ಭಾಷೆಯಿಂದ ಬಂತು. ಅದೂ ಪ್ರತ್ಯಯ ಅಂಟಿಸುವ, ಸ್ವರ ಹೊಂದಿಸುವ ಭಾಷೆ. ಅಲ್ಲಿ "ಹೋಟೆಲಿನಲ್ಲಿ" ಎನ್ನಲು ಕೆಲವರು ಹೊತೆಲ್-ಬೆನ್ ಎನ್ನುತ್ತಾರೆ, ಕೆಲವರು ಹೊತೆಲ್-ಬಾನ್, ಒಬ್ಬನೇ ಒಮ್ಮೆ ಹಾಗೆ ಒಮ್ಮೆ ಹೀಗೆ ಎನ್ನುವುದೂ ಉಂಟು. ಮುಂದೆ ಎ, ಅದಕ್ಕೂ ಮುಂದೆ ಒ, ಎರಡೂ ಎಳೆಯುತ್ತವೆ. ಕಟ್ಟುನಿಟ್ಟಿನ ಶ್ರೇಣಿಗೆ ಒಬ್ಬನೇ ವಿಜೇತ, ಇಬ್ಬರನ್ನು ಅದು ಒಳಗೆ ಬಿಡದು. ಬ್ರೂಸ್ ಹೇಸ್ ಮತ್ತು ಜುಜಾ ಲೋಂಡೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಂಗೇರಿಯನ್ನರಿಗೆ ಇಲ್ಲದ ಪದಗಳನ್ನು ಕೊಟ್ಟು ಪ್ರತ್ಯಯ ಹಚ್ಚಲು ಹೇಳಿದರು. ಜನರ ಉತ್ತರಗಳೂ ಹೀಗೇ ಹಂಚಿಹೋದವು, ಮತ್ತು ಹಂಚಿಹೋದ ಪ್ರಮಾಣ ಆ ಭಾಷೆಯ ನಿಜವಾದ ಪದಗಳಲ್ಲಿ ಕಾಣುವ ಪ್ರಮಾಣವನ್ನು ಹೆಚ್ಚುಕಡಿಮೆ ಹೋಲುತ್ತಿತ್ತು. ಇಂಥದ್ದಕ್ಕಾಗಿ ಈಗ ಅನೇಕರು ನಿರ್ಬಂಧಗಳಿಗೆ ಸ್ಥಾನದ ಬದಲು ತೂಕ ಕೊಡುತ್ತಾರೆ. ಅಲ್ಲಿ ಕೆಳಗಿನ ಎರಡು ಸೇರಿ ಮೇಲಿನ ಒಂದನ್ನು ಸೋಲಿಸಬಹುದು, ಮತ್ತು ಸ್ವಲ್ಪದರಲ್ಲಿ ಸೋತ ರೂಪವೂ ಆಗಾಗ ಬಾಯಿಗೆ ಬರಬಹುದು.

ಬೀದಾರ್-ದಾ ಎಂದ ಹುಡುಗನಿಗೆ ಅಂಥ ಗೊಂದಲವಿಲ್ಲ. ಆದರೆ ಅವನ ಮುಂದೆ ಕೇರಳದ ಕಾಸರಗೋಡ್ ಇಟ್ಟು, ನಾವು ಹೇಳುವ ಹಾಗೆಯೇ ಕೊನೆಗೆ ಉಕಾರ ಸೇರಿಸಿ ಒಮ್ಮೆ, ತುಳುವಿನಲ್ಲಿ ಹೇಳುವ ಹಾಗೆ ಒಮ್ಮೆ ಹೇಳಿ ಕೇಳಿಸಿ. ಉಕಾರವೂ ಹಿಂದಿನ ಸ್ವರ, ಒಕಾರವೂ ಹಿಂದಿನ ಸ್ವರ. ಯಾವ ಉಚ್ಚಾರ ಕೇಳಿದರೂ ಅವನು ದಾ ಎಂದೇ ಅಂಟಿಸುತ್ತಾನೆ.